ಶುರುವಾಗುವ ಮೊದಲೇ ‘ಕೆಟ್ಟುಹೋಯ್ತು’ ಅಂತ ಬರೆಯುವುದು ಯಾಕೆ?

ಪ್ರಶ್ನೆ: ನಮ್ಮಲ್ಲಿ ಪ್ರತಿ ಪ್ರಾಜೆಕ್ಟ್ ಶುರುವಾಗುವಾಗಲೂ ರಿಸ್ಕ್ ಪಟ್ಟಿ ಮಾಡುತ್ತೇವೆ. ಈಗ ಹೊಸ ಮ್ಯಾನೇಜರ್ ‘ಪ್ರಿ-ಮಾರ್ಟಂ’ ಮಾಡೋಣ ಅನ್ನುತ್ತಿದ್ದಾರೆ. ಹೆಸರು ಹೊಸದು, ಕೆಲಸ ಅದೇ ಅಲ್ವಾ?

ಅಲ್ಲ. ಆದರೆ ವ್ಯತ್ಯಾಸ ಎಷ್ಟು ಚಿಕ್ಕದು ಅಂದರೆ, ಮೊದಲ ಸಲ ಕೇಳಿದಾಗ ನನಗೂ ಇದು ಸುಮ್ನೆ ಹೆಸರಿನ ಆಟ ಅನ್ನಿಸಿತ್ತು. ರಿಸ್ಕ್ ಪಟ್ಟಿ ಮಾಡುವಾಗ ನಾವು ಕೇಳುವುದು ‘ಏನು ತಪ್ಪಾಗಬಹುದು?’ ಅಂತ. ಪ್ರಿ-ಮಾರ್ಟಂನಲ್ಲಿ ಕೇಳುವುದು ‘ಎಲ್ಲಾ ಕೆಟ್ಟುಹೋಯ್ತು. ಯಾಕೆ ಹೋಯ್ತು?’ ಅಂತ. ‘ಬಹುದು’ ಹೋಗಿ ‘ಯ್ತು’ ಬಂತು, ಅಷ್ಟೇ.

ಇದಕ್ಕೆ ಈ ರೂಪ ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್. 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಅವರು ಬರೆದ ಎರಡು ಪುಟದಷ್ಟು ಲೇಖನದಿಂದ ಇದು ಎಲ್ಲೆಡೆ ಹರಡಿತು. ಹಿಂದಿರುವ ಸಂಶೋಧನೆ ಅದಕ್ಕಿಂತ ಹಳೆಯದು, 1989ರದ್ದು. ಒಂದು ಘಟನೆ ಆಗಿಯೇ ಹೋಗಿದೆ ಅಂದುಕೊಂಡು ಕಾರಣ ಬರೆಯಿರಿ ಅಂದಾಗ, ಜನ ಜಾಸ್ತಿ ಕಾರಣ ಬರೆದರು. ಅವು ಹೆಚ್ಚು ನಿರ್ದಿಷ್ಟವಾಗಿಯೂ ಇದ್ದವು. ಆ ಅಧ್ಯಯನದಲ್ಲಿ ನನಗೆ ಇಷ್ಟವಾದ ಅಂಶ ಬೇರೆ: ಕೆಲಸ ಮಾಡಿದ್ದು ಭೂತಕಾಲವಲ್ಲ, ಖಚಿತತೆ. ‘ಆಗೇ ಆಗುತ್ತದೆ’ ಅಂತ ಒಪ್ಪಿಕೊಂಡರೂ ಸಾಕು. ‘ಆದರೂ ಆಗಬಹುದು’ ಅನ್ನುವಲ್ಲಿ ಮನಸ್ಸಿಗೆ ನುಸುಳಿಕೊಳ್ಳಲು ಒಂದು ಸಂದಿ ಇರುತ್ತದೆ, ಆ ಸಂದಿ ಮುಚ್ಚಬೇಕು.

‘ನಾವು ಕೆಟ್ಟದ್ದನ್ನೂ ಯೋಚಿಸಿಯೇ ಪ್ಲಾನ್ ಮಾಡ್ತೀವಿ’ ಅನ್ನುವವರಿಗೆ ಇನ್ನೊಂದು ಲೆಕ್ಕ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆನಡಾದಲ್ಲಿ ಪ್ರಬಂಧ ಬರೆಯುತ್ತಿದ್ದ ಮನಶ್ಶಾಸ್ತ್ರ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಸುಮಾರು 34 ದಿನ ಅಂದರು. ಎಲ್ಲವೂ ಕೈಕೊಟ್ಟರೆ? ಸುಮಾರು 49 ಅಂದರು. ನಿಜಕ್ಕೂ ಹಿಡಿದದ್ದು 55ಕ್ಕೂ ಜಾಸ್ತಿ. ಅಂದರೆ ಅವರ ‘ಎಲ್ಲಾ ಕೆಟ್ಟರೆ’ ಅನ್ನುವ ಅಂದಾಜು ಕೂಡ ಆಸೆಯಲ್ಲೇ ಅದ್ದಿ ತೆಗೆದದ್ದಾಗಿತ್ತು.

ಇಷ್ಟು ಓದಿದ್ದೆ. ಆದರೆ ನಂಬಿಕೆ ಬಂದದ್ದು ಒಂದು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರ ಸಂಘದಲ್ಲಿ. ಹೆಸರು ಬೇಡ. ಹಳೇ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗಬೇಕಿತ್ತು. ಹೊಸ ಆರ್ಥಿಕ ವರ್ಷ ಶುರುವಾಗುವ ಏಪ್ರಿಲ್ 1ಕ್ಕೆ ಚಾಲನೆ ಅಂತ ಆಗಿತ್ತು. ಆಗ ಜನವರಿ ಮೊದಲ ವಾರ. ಕಂಪನಿಗೆ ಅಡ್ವಾನ್ಸ್ ಇನ್ನೂ ಕೊಟ್ಟಿರಲಿಲ್ಲ. ಅಲ್ಲಿನ ಸೆಕ್ರೆಟರಿ ನನ್ನ ಹಳೇ ಪರಿಚಯದವರು, ‘ನೀವು ಹೊರಗಿನವರು, ಬಂದು ಕೂತು ನಡೆಸಿಕೊಡಿ’ ಅಂದರು.

ಅವರ ಹತ್ತಿರ ರಿಸ್ಕ್ ಪಟ್ಟಿ ಇತ್ತು. ಕರೆಂಟ್ ಸಮಸ್ಯೆ, ಇಂಟರ್‌ನೆಟ್ ಸಮಸ್ಯೆ, ಸಿಬ್ಬಂದಿಗೆ ತರಬೇತಿ ಕೊರತೆ. ಎದುರಿಗೆ ‘ಮಧ್ಯಮ’, ‘ಮಧ್ಯಮ’, ‘ಮಧ್ಯಮ’. ಈ ಪಟ್ಟಿಯನ್ನು ಯಾವ ಊರಿನ ಯಾವ ಕಚೇರಿಗೆ ಅಂಟಿಸಿದರೂ ಅಂಟಿಕೊಳ್ಳುತ್ತದೆ.

ನನ್ನನ್ನು ಬಿಟ್ಟು ಒಂಬತ್ತು ಜನ ಕೂತರು. ಸೆಕ್ರೆಟರಿ, ಅಕೌಂಟೆಂಟ್, ಕ್ಯಾಷಿಯರ್, ಇಬ್ಬರು ಕ್ಲರ್ಕ್, ಇಬ್ಬರು ಪಿಗ್ಮಿ ಕಲೆಕ್ಟರ್, ಒಬ್ಬ ನಿರ್ದೇಶಕರು, ಸಾಫ್ಟ್‌ವೇರ್ ಕಂಪನಿಯ ಹುಡುಗ. ಪಿಗ್ಮಿಯವರನ್ನು ಕರೆಯುವುದು ಬೇಡ ಅಂತ ಮೊದಲು ಮಾತಾಗಿತ್ತು. ನಾನು ಹಟ ಹಿಡಿದೆ. ದಿನಾ ಸಂಜೆ ಅಂಗಡಿ ಅಂಗಡಿ ತಿರುಗಿ ದುಡ್ಡು ಕಟ್ಟಿಸಿಕೊಳ್ಳುವವರು ಅವರು. ಯೋಜನೆ ಹಾಳೆಯಿಂದ ಇಳಿದು ಬೀದಿಗೆ ಬರುವುದು ಅವರ ಕೈಯಲ್ಲಿ.

ಸೆಕ್ರೆಟರಿ ಹತ್ತು ನಿಮಿಷದಲ್ಲಿ ಪ್ಲಾನ್ ಓದಿದರು. ಆಮೇಲೆ ನಾನು ಹೇಳಿದೆ: ‘ಇವತ್ತು ಜೂನ್ 30. ಹೊಸ ಸಾಫ್ಟ್‌ವೇರ್ ಪೂರ್ತಿ ಕೆಟ್ಟುಹೋಗಿದೆ. ಸದಸ್ಯರು ಕೌಂಟರ್ ಮುಂದೆ ಜಗಳಕ್ಕೆ ನಿಂತಿದ್ದಾರೆ. ನಾವು ವಾಪಸ್ ಲೆಡ್ಜರ್ ಪುಸ್ತಕಕ್ಕೆ ಬಂದಿದ್ದೇವೆ. ಏನಾಯ್ತು ಅಂತ ಬರೆಯಿರಿ.’

ನಿರ್ದೇಶಕರು ತಕ್ಷಣ ‘ಬಿಡ್ತು ಅನ್ನಿ ಸಾರ್’ ಅಂದರು. ಎಲ್ಲರೂ ನಕ್ಕರು. ಆದರೆ ಇದು ನಗುವಷ್ಟು ಸಣ್ಣದಲ್ಲ. ಶುಭ ಕಾರ್ಯಕ್ಕೆ ಮೊದಲು ಅಶುಭ ಮಾತಾಡಬಾರದು ಅಂತ ಚಿಕ್ಕಂದಿನಿಂದ ಕೇಳಿದವರು ನಾವು. ಸಭೆಯಲ್ಲಿ ಅನುಮಾನ ಎತ್ತಿದವನು ‘ಅಪಶಕುನ’ ಆಗಿಬಿಡುತ್ತಾನೆ. ‘ಬಿಡ್ತು ಅಂತಲೇ ಅಂದುಕೊಳ್ಳಿ, ಆದರೂ ಬರೆಯಿರಿ’ ಅಂದೆ. ಎಲ್ಲರಿಗೂ ಅದೇ ಕೆಲಸ ಕೊಟ್ಟಾಗ ಒಬ್ಬನೇ ಕೆಟ್ಟವನಾಗುವ ಭಯ ಇರುವುದಿಲ್ಲ. ಜಾಸ್ತಿ ತಪ್ಪು ಕಂಡವನೇ ಅಲ್ಲಿ ಜಾಣ.

ಐದು ನಿಮಿಷ ಮೌನ. ಮಾತು ಬೇಡ, ಬರವಣಿಗೆ ಮಾತ್ರ. ಒಂದೇ ನಿಯಮ ಹಾಕಿದ್ದೆ: ಯಾವ ದಿನ, ಯಾರು, ಏನು ಮಾಡುವಾಗ ಅಂತ ಇರಬೇಕು. ‘ಸಂವಹನ ಕೊರತೆ’ ಅಂತ ಬರೆದರೆ ಒಪ್ಪುವುದಿಲ್ಲ.

ಓದುವ ಸರದಿ ಬಂತು. ಕ್ಲೈನ್ ಹೇಳುವ ಕ್ರಮದಲ್ಲಿ ಮುಖ್ಯಸ್ಥರೇ ಮೊದಲು ಒಂದು ಕಾರಣ ಓದುತ್ತಾರೆ, ಆಮೇಲೆ ಸುತ್ತಿನಲ್ಲಿ ಒಬ್ಬೊಬ್ಬರು ಒಂದೊಂದು. ನಮ್ಮ ಕಡೆ ಇದಕ್ಕೆ ಒಂದು ಷರತ್ತು ಬೇಕು ಅಂತ ನನ್ನ ಅನಿಸಿಕೆ. ಸಾಹೇಬರು ಓದುವ ಮೊದಲ ಕಾರಣ ಅವರದೇ ತಪ್ಪಾಗಿರಬೇಕು. ಅವರು ‘ಕರೆಂಟ್ ಹೋಯ್ತು’ ಅಂತ ಓದಿದರೆ ಉಳಿದವರೂ ಕೆಇಬಿಯನ್ನೇ ಬೈದು ಎದ್ದುಹೋಗುತ್ತಾರೆ. ಈ ಸೆಕ್ರೆಟರಿ ಓದಿದ್ದು: ‘ಆಡಳಿತ ಮಂಡಳಿಗೆ ಏಪ್ರಿಲ್ 1 ಅಂತ ಮಾತು ಕೊಟ್ಟಿದ್ದೆ. ಸಿದ್ಧವಾಗಿಲ್ಲ ಅಂತ ಗೊತ್ತಿದ್ದರೂ ಮುಖ ಉಳಿಸಿಕೊಳ್ಳಲು ಶುರು ಮಾಡಿಸಿದೆ.’ ಅಲ್ಲಿಂದ ಎಲ್ಲರ ಗಂಟಲೂ ತೆರೆಯಿತು.

ಕ್ಯಾಷಿಯರ್ ಬರೆದಿದ್ದರು: ‘ತರಬೇತಿ ಇದ್ದದ್ದು ಮಾರ್ಚ್ ಕೊನೇ ವಾರ. ನಾವೆಲ್ಲ ಸಾಲ ವಸೂಲಿಗೆ ಹಳ್ಳಿಗಳಲ್ಲಿದ್ದೆವು. ಕಂಪನಿ ಹುಡುಗ ಖಾಲಿ ಕುರ್ಚಿಗಳಿಗೆ ಪಾಠ ಮಾಡಿದ.’ ಮಾರ್ಚ್ ಕೊನೆ ಅಂದರೆ ವಸೂಲಿ ಅಂತ ಆ ಕೋಣೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೂ ಪ್ಲಾನ್ ಹಾಳೆಯಲ್ಲಿ ‘ತರಬೇತಿ: ಮಾರ್ಚ್ 24ರಿಂದ 28’ ಅಂತ ಅಚ್ಚಾಗಿತ್ತು, ಎಲ್ಲರೂ ತಲೆ ಆಡಿಸಿದ್ದರು.

ಒಬ್ಬ ಪಿಗ್ಮಿ ಕಲೆಕ್ಟರ್: ‘ಸಂತೆ ದಿನ. ಮೊಬೈಲ್‌ನಲ್ಲಿ ಸದಸ್ಯರ ಹೆಸರು ಓದಲಿಕ್ಕೇ ಆಗಲಿಲ್ಲ. ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಹಾಕಿದೆ.’ ಯಾಕೆ ಓದಲಿಕ್ಕಾಗುವುದಿಲ್ಲ ಅಂತ ಕೇಳಿದೆ. ಹಿಂದೆ ಒಮ್ಮೆ ಕಚೇರಿಯಿಂದ ಪಟ್ಟಿಯನ್ನು ಫೋನಿಗೆ ಕಳಿಸಿದಾಗ ಹಾಗೇ ಆಗಿತ್ತಂತೆ. ಹಳೇ ಸಾಫ್ಟ್‌ವೇರ್‌ನಲ್ಲಿ ಹೆಸರುಗಳನ್ನು ‘ನುಡಿ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ, ಯುನಿಕೋಡ್ ಅಲ್ಲದ್ದರಲ್ಲಿ, ಟೈಪ್ ಮಾಡಿದ್ದರು. ಆ ಫಾಂಟ್ ಇಲ್ಲದ ಕಡೆ ‘ಕನ್ನಡ’ ಅನ್ನುವ ಪದವೇ `PÀ£ÀßqÀ` ಅಂತ ಕಾಣುತ್ತದೆ. ಕಂಪನಿಯ ಹುಡುಗನ ಮುಖ ನೋಡಬೇಕಿತ್ತು. ಅವನ ಪ್ಲಾನ್‌ನಲ್ಲಿ ‘ಡೇಟಾ ವರ್ಗಾವಣೆ: 2 ದಿನ’ ಅಂತಷ್ಟೇ ಇತ್ತು.

ಎರಡನೇ ಸುತ್ತಿನವರೆಗೂ ಅಕೌಂಟೆಂಟ್ ಬಾಯಿ ಬಿಟ್ಟಿರಲಿಲ್ಲ. ಮೂವತ್ತು ವರ್ಷದ ಸರ್ವಿಸ್, ನಿವೃತ್ತಿ ಹತ್ತಿರ. ಚೀಟಿ ನೋಡಿ ಮೆಲ್ಲಗೆ ಓದಿದರು: ‘ಹಳೇ ಸಾಲಗಳ ಬಡ್ಡಿ ಕಂಪ್ಯೂಟರ್ ಹಾಕುತ್ತಿರಲಿಲ್ಲ. ನಾನು ಹಾಕುತ್ತಿದ್ದೆ.’

ಅರವತ್ತಕ್ಕೂ ಹೆಚ್ಚು ಸಾಲಗಳು. ಬೇರೆ ಬೇರೆ ವರ್ಷ ಮಂಡಳಿ ಕೊಟ್ಟ ರಿಯಾಯಿತಿಗಳು, ಕಂತು ಮುಂದೂಡಿದವು. ಹಳೇ ಸಾಫ್ಟ್‌ವೇರ್‌ಗೆ ಆ ಲೆಕ್ಕ ಬರುತ್ತಿರಲಿಲ್ಲ. ಪ್ರತಿ ತಿಂಗಳು ಅವರು ಒಂದು ನೋಟ್‌ಬುಕ್ ನೋಡಿ ಬಡ್ಡಿಯನ್ನು ಕೈಯಲ್ಲೇ ತಿದ್ದುತ್ತಿದ್ದರು. ಹೊಸದು ಬಂದು ತನ್ನ ಪಾಡಿಗೆ ಬಡ್ಡಿ ಹಾಕಿದ್ದರೆ, ಮಂಡಳಿಯೇ ಬಿಟ್ಟ ದುಡ್ಡನ್ನು ವಾಪಸ್ ಕೇಳಿದ ಹಾಗೆ ಆಗುತ್ತಿತ್ತು. ‘ಮೊದಲೇ ಯಾಕೆ ಹೇಳಲಿಲ್ಲ?’ ಅಂದರು ಸೆಕ್ರೆಟರಿ. ‘ಯಾರೂ ಕೇಳಲಿಲ್ಲವಲ್ಲ’ ಅಂದರು ಅವರು. ನನಗನಿಸುವುದು ಅದು ಅರ್ಧ ಉತ್ತರ. ಸಾಫ್ಟ್‌ವೇರ್ ಮಾಡಬೇಕಾದ ಕೆಲಸ ತಾನು ಮಾಡುತ್ತಿದ್ದೇನೆ ಅಂದರೆ ಆಡಿಟ್‌ನಲ್ಲಿ ಪ್ರಶ್ನೆ ಬರುತ್ತದೆ ಅನ್ನುವ ಅಳುಕು ಉಳಿದರ್ಧ. ಕ್ಲೈನ್ ಲೇಖನದಲ್ಲೂ ಹೀಗೇ ಒಂದು ಪ್ರಸಂಗ ಇದೆ. ಸೇನೆಗೆ ಸಂಬಂಧಿಸಿದ ಒಂದು ಯೋಜನೆಯಲ್ಲಿ, ಅಷ್ಟು ಹೊತ್ತು ಸುಮ್ಮನಿದ್ದವರೊಬ್ಬರು, ಯೋಜನೆಯ ಒಂದು ಆಲ್ಗರಿದಮ್ ಮೈದಾನದಲ್ಲಿ ಬಳಸುವ ಲ್ಯಾಪ್‌ಟಾಪ್‌ಗಳಲ್ಲಿ ಓಡುವುದೇ ಕಷ್ಟ ಅಂದರು. ಆಗ ಗೊತ್ತಾಯಿತು, ಆ ಆಲ್ಗರಿದಮ್ ಬರೆದವರ ಹತ್ತಿರ ಒಂದು ಅಡ್ಡದಾರಿ ಆಗಲೇ ಇತ್ತು, ಹೇಳಲು ಹಿಂಜರಿದಿದ್ದರು.

ನಮ್ಮ ಸಭೆ ಮುಗಿದದ್ದು ಒಂದೂಕಾಲು ಗಂಟೆಯಲ್ಲಿ. ಇಪ್ಪತ್ತರಷ್ಟು ಕಾರಣ ಬಂದಿದ್ದವು. ಎಲ್ಲಕ್ಕೂ ಪರಿಹಾರ ಹುಡುಕಲು ಹೋಗಲಿಲ್ಲ. ಹಾಗೆ ಹೋಗುವ ತಪ್ಪು ಇಲ್ಲಿ ತುಂಬಾ ಜನ ಮಾಡುತ್ತಾರೆ. ಇಪ್ಪತ್ತನ್ನೂ ಕೋಷ್ಟಕಕ್ಕೆ ಹಾಕಿ, ಎದುರಿಗೆ ‘ಗಮನಿಸಲಾಗುವುದು’ ಅಂತ ಬರೆದರೆ ಮತ್ತೆ ಹಳೇ ರಿಸ್ಕ್ ಪಟ್ಟಿಯೇ. ಮೂರನ್ನು ಆರಿಸಿ, ಪ್ಲಾನ್ ಹಾಳೆಯಲ್ಲೇ ತಿದ್ದಿದೆವು. ಚಾಲನೆ ಜುಲೈ 1ಕ್ಕೆ ಹೋಯಿತು, ತರಬೇತಿ ಮೇ ತಿಂಗಳಿಗೆ. ಹೆಸರುಗಳನ್ನು ಯುನಿಕೋಡ್‌ಗೆ ಬದಲಾಯಿಸಿ, ಪ್ರಿಂಟ್ ತೆಗೆದು, ಪ್ರತಿ ಕಲೆಕ್ಟರ್ ತನ್ನ ಸದಸ್ಯರ ಪಟ್ಟಿಗೆ ಸಹಿ ಹಾಕಬೇಕು ಅಂತಾಯಿತು. ಅಕೌಂಟೆಂಟ್ ನೋಟ್‌ಬುಕ್ಕಿನ ಸಾಲಗಳಿಗೆ ಒಂದೊಂದಕ್ಕೂ ಬೇರೆ ಹಾಳೆ. ಹೊಸ ಸಾಫ್ಟ್‌ವೇರ್‌ನ ಬಡ್ಡಿ ಮತ್ತು ಅವರ ಬಡ್ಡಿ ತಾಳೆಯಾಗುವವರೆಗೆ ಚಾಲನೆ ಇಲ್ಲ.

ಸಭೆ ಸುಮ್ನೆ ಶಾಸ್ತ್ರಕ್ಕೆ ನಡೆಯುತ್ತಿದೆಯೋ ಅಂತ ತಿಳಿಯುವುದು ಸುಲಭ. ಓದಿದ ಕಾರಣಗಳಲ್ಲಿ ಕರ್ತೃ ಯಾರು ನೋಡಿ. ಮಳೆ, ಕರೆಂಟ್, ಕಂಪನಿ, ಸರ್ಕಾರ ಅಂತ ಹೊರಗಿನವರೇ ಇದ್ದರೆ ಅಲ್ಲಿ ಯಾರಿಗೂ ಧೈರ್ಯ ಬಂದಿಲ್ಲ. ‘ನಾನು’, ‘ನಾವು’ ಅಂತ ಶುರುವಾಗುವ ವಾಕ್ಯ ಒಂದೂ ಇಲ್ಲದಿದ್ದರೆ ಚಹಾ ಕುಡಿದು ಇನ್ನೊಂದು ಸುತ್ತು ಮಾಡಿ. ಇನ್ನು, ಟೆಂಡರ್ ಆಗಿ, ದುಡ್ಡು ಹೋಗಿ, ದಿನಾಂಕ ಬ್ಯಾನರ್ ಮೇಲೆ ಅಚ್ಚಾದ ಮೇಲೆ ಇದನ್ನು ಮಾಡಬೇಡಿ. ಪ್ಲಾನ್ ಇರಬೇಕು, ಆದರೆ ಬದಲಾಯಿಸಲು ಇನ್ನೂ ಅವಕಾಶ ಇರಬೇಕು.

ಇದರಿಂದ ಆಗದ ಕೆಲಸವೂ ಇದೆ. ಒಟ್ಟು ಎಷ್ಟು ತಿಂಗಳು ಬೇಕು ಅನ್ನುವುದಕ್ಕೆ ಪ್ರಿ-ಮಾರ್ಟಂ ಒಳ್ಳೆಯ ಅಳತೆಗೋಲಲ್ಲ. ಅದಕ್ಕೆ ಇಂಥದ್ದೇ ಬದಲಾವಣೆ ಮಾಡಿದ ಅಕ್ಕಪಕ್ಕದ ನಾಲ್ಕು ಸಂಘಗಳಿಗೆ ಎಷ್ಟು ಹಿಡಿಯಿತು ಅಂತ ಫೋನ್ ಮಾಡಿ ಕೇಳುವುದೇ ಸರಿ. ಮತ್ತೆ, ಇದು ಹೊರತೆಗೆಯುವುದು ಆ ಕೋಣೆಯಲ್ಲಿ ಯಾರಿಗೋ ಆಗಲೇ ಗೊತ್ತಿರುವುದನ್ನು. ಯಾರಿಗೂ ಗೊತ್ತಿಲ್ಲದ್ದು ಚೀಟಿಗೆ ಬರುವುದಿಲ್ಲ.

ಜುಲೈ 1ಕ್ಕೆ ಶುರುವಾಯಿತು. ಹೆಸರು ಸರಿ ಇತ್ತು, ಬಡ್ಡಿ ಸರಿ ಇತ್ತು. ಕೆಟ್ಟದ್ದು ಪಾಸ್‌ಬುಕ್ ಪ್ರಿಂಟರ್. ಹೊಸ ಸಾಫ್ಟ್‌ವೇರ್ ಪ್ರತಿ ಎಂಟ್ರಿಯನ್ನೂ ಒಂದು ಗೆರೆ ಕೆಳಗೆ ಹೊಡೆಯುತ್ತಿತ್ತು. ಒಂಬತ್ತು ಜನರ ಚೀಟಿಯಲ್ಲೂ ಅದು ಇರಲಿಲ್ಲ. ಹತ್ತು ದಿನ ಆ ಅಕೌಂಟೆಂಟ್ ಕೌಂಟರ್‌ನಲ್ಲಿ ಕೂತು ಪಾಸ್‌ಬುಕ್‌ಗಳಿಗೆ ಕೈಯಲ್ಲೇ ಬರೆದು ಸಹಿ ಹಾಕಿಕೊಟ್ಟರು.