ಮಷೀನ್ ನೀರು ತೆಗೆಯುವುದು ರಕ್ತದಿಂದ, ಕಾಲಿನ ಬಾವಿನಿಂದಲ್ಲ

“ಮಷೀನ್ ಹ್ಯಾಂಗಿದ್ರೂ ತೆಗೀತದಲ್ರೀ ಸಾಹೇಬ್ರ, ಇನ್ನೊಂದು ಗಿಲಾಸ್ ನೀರು ಕುಡದ್ರ ಏನಾಗ್ತದ?” ಬೇಸಿಗೆ ಬಂತೆಂದರೆ ಕಲಬುರಗಿಯ ಡಯಾಲಿಸಿಸ್ ವಾರ್ಡಿನಲ್ಲಿ ಇದೇ ಮಾತು. ಇಲ್ಲಿನ ಬಿಸಿಲಿಗೆ ಗಂಟಲು ಒಣಗುವುದು ಸುಳ್ಳಲ್ಲ. ಆದರೆ ಮಷೀನಿನ ಬಗ್ಗೆ ಆ ನಂಬಿಕೆ ತಪ್ಪು, ಮತ್ತು ಅದರಿಂದ ಆಗುವ ತೊಂದರೆಗಳು ತಡೆಯಬಹುದಾದವು.

ಆರೋಗ್ಯವಂತ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ನೂರಕ್ಕೆ 99 ಪಾಲನ್ನು ರಕ್ತಕ್ಕೇ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ನೀವು ಎರಡು ಲೋಟ ಮಜ್ಜಿಗೆ ಕುಡಿದರೆ ಹೆಚ್ಚಾದ ನೀರು ಒಂದೆರಡು ಗಂಟೆಯಲ್ಲಿ ಹೊರಗೆ. ಬೆವರಿದರೆ ಮೂತ್ರ ಗಟ್ಟಿಯಾಗಿ ನೀರು ಉಳಿಯುತ್ತದೆ. ರಾತ್ರಿ ಮಲಗಿದಾಗಲೂ ಈ ಲೆಕ್ಕ ನಿಲ್ಲುವುದಿಲ್ಲ. ವಾರದ 168 ಗಂಟೆಯ ಈ ಕೆಲಸವನ್ನು ಡಯಾಲಿಸಿಸ್ ವಾರಕ್ಕೆ ಮೂರು ಸಲ ಸೇರಿ 12 ಗಂಟೆಯಲ್ಲಿ ಮಾಡಬೇಕು, ವಾರಕ್ಕೆ ಎರಡೇ ಸಲ ಬರುವವರಿಗೆ 8 ಗಂಟೆಯಲ್ಲಿ. ರಕ್ತ ಹೆಚ್ಚಿಸುವ ಹಾರ್ಮೋನ್ ತಯಾರಿಸುವುದು, ವಿಟಮಿನ್ ಡಿ ಸಿದ್ಧಗೊಳಿಸುವುದು ಮಷೀನಿನಿಂದ ಆಗುವುದೇ ಇಲ್ಲ. ಇಂಜೆಕ್ಷನ್, ಮಾತ್ರೆ ಕೊಡುವುದು ಅದಕ್ಕೆ.

ಈಗ ನೀರಿನ ವಿಷಯ. ಒಣ ತೂಕ ಎಂದರೆ ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ. 50 ಕೆಜಿ ಒಣ ತೂಕದ ಒಬ್ಬರು 54 ಕೆಜಿಯಾಗಿ ಬಂದರು ಎಂದುಕೊಳ್ಳಿ. ಮೂರು ದಿನದಲ್ಲಿ ಕೂಡಿದ್ದು 4 ಲೀಟರ್ ನೀರು. ಈ ನೀರು ಬಹುಪಾಲು ಕಾಲು, ಹೊಟ್ಟೆ, ಶ್ವಾಸಕೋಶದ ಸುತ್ತಲಿನ ಅಂಗಾಂಶದಲ್ಲಿ ನಿಂತಿರುತ್ತದೆ. ಮಷೀನಿಗೆ ಸಿಗುವುದು ರಕ್ತ ಮಾತ್ರ, ಅದರಲ್ಲೂ ರಕ್ತದ ನೀರಿನ ಭಾಗ. ಇಷ್ಟು ತೂಕದವರಲ್ಲಿ ಅದು ಸುಮಾರು 2 ಲೀಟರ್ ಅಷ್ಟೇ. ಅಲ್ಲಿಂದ ತೆಗೆದಂತೆ ಅಂಗಾಂಶದ ನೀರು ನಿಧಾನವಾಗಿ ರಕ್ತನಾಳಕ್ಕೆ ಜಿನುಗಿ ಬರಬೇಕು. ಒರತೆ ಸಣ್ಣದಿರುವ ಬಾವಿಗೆ ದೊಡ್ಡ ಮೋಟರ್ ಹಚ್ಚಿದರೆ ಏನಾಗುತ್ತದೋ ಇಲ್ಲೂ ಅದೇ: ಸುತ್ತಲಿನ ನೆಲದಲ್ಲಿ ನೀರಿದ್ದರೂ ಬಾವಿ ಬತ್ತುತ್ತದೆ.

ಸಾಮಾನ್ಯವಾಗಿ ಗಂಟೆಗೆ ಪ್ರತಿ ಕೆಜಿಗೆ 13 ಮಿಲಿಗಿಂತ ಹೆಚ್ಚು ತೆಗೆಯಬಾರದು ಎಂಬ ಮಿತಿ ಇಟ್ಟುಕೊಳ್ಳುತ್ತೇವೆ. ಹೃದಯ ದುರ್ಬಲವಿದ್ದವರಿಗೆ ಇನ್ನೂ ಕಡಿಮೆ. 50 ಕೆಜಿಯವರಿಗೆ ಗಂಟೆಗೆ 650 ಮಿಲಿ, ನಾಲ್ಕು ಗಂಟೆಗೆ 2.6 ಲೀಟರ್. “ಎಲ್ಲಾ ತೆಗೀರಿ” ಎಂಬ ಒತ್ತಾಯಕ್ಕೆ ಗಂಟೆಗೆ ಒಂದು ಲೀಟರ್ ಇಟ್ಟರೆ, ಮೂರನೇ ಗಂಟೆಯ ಹೊತ್ತಿಗೆ ಮೊದಲು ಆಕಳಿಕೆ, ಆಮೇಲೆ ತಣ್ಣನೆಯ ಬೆವರು, ಮೀನಖಂಡದಲ್ಲಿ ಸೆಳೆತ, ಬಿಪಿ ಕುಸಿತ. ಆಗ ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲು ಎತ್ತರಿಸಿ, ಸಲೈನ್ ಕೊಡಬೇಕಾಗುತ್ತದೆ. ತೆಗೆದದ್ದರಲ್ಲಿ ಒಂದಷ್ಟನ್ನು ವಾಪಸ್ ಹಾಕಿದಂತೆ. ಹೀಗೆ ಪದೇಪದೇ ಆದರೆ ಹೃದಯದ ಸ್ನಾಯು ಸೊರಗುತ್ತದೆ, ಉಳಿದಿದ್ದ ಸ್ವಲ್ಪ ಮೂತ್ರವೂ ನಿಲ್ಲುತ್ತದೆ, ಡಯಾಲಿಸಿಸ್ ಸೂಜಿ ಹಾಕಲು ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸರಿಯಾದ ದಾರಿ ಎಂದರೆ ಇವತ್ತು ಎರಡೂವರೆ ಲೀಟರ್ ತೆಗೆದು, ಉಳಿದದ್ದಕ್ಕೆ ಸಮಯ ಹೆಚ್ಚಿಸುವುದು ಅಥವಾ ಮರುದಿನ ಇನ್ನೊಮ್ಮೆ ಬರುವುದು. ಚಿಂಚೋಳಿ, ಆಳಂದದಿಂದ ಬಸ್ ಹಿಡಿದು ಬರುವವರಿಗೆ ಮತ್ತೊಂದು ದಿನ ಎಂದರೆ ಎಷ್ಟು ತ್ರಾಸು ಎಂಬುದು ಗೊತ್ತು. ಅದಕ್ಕೇ ಮನೆಯಲ್ಲಿ ಕೂಡುವ ನೀರನ್ನೇ ಕಡಿಮೆ ಮಾಡಿ ಎನ್ನುವುದು.

ಬರೀ ಹಟದಿಂದ ಬಾಯಾರಿಕೆ ತಡೆಯಲು ಆಗದು. ಮೊದಲು ಉಪ್ಪು ಹಿಡಿತಕ್ಕೆ ಬರಬೇಕು. ಸುಮಾರು 9 ಗ್ರಾಂ ಉಪ್ಪು ದೇಹದಲ್ಲಿ ಒಂದು ಲೀಟರ್ ನೀರು ಹಿಡಿದಿಡುತ್ತದೆ, ಆ ನೀರು ಕುಡಿಯುವ ತನಕ ಗಂಟಲು ಬಿಡುವುದಿಲ್ಲ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಮೀರಬಾರದು, ಅಂದರೆ ಸಣ್ಣ ಚಮಚ ಒಂದು. ಜೋಳದ ರೊಟ್ಟಿಗೆ ಉಪ್ಪಿಲ್ಲದಿದ್ದರೂ ಪಕ್ಕದ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳದಲ್ಲಿ ಅದು ಮುಗಿದುಹೋಗಿರುತ್ತದೆ. ‘ಕಡಿಮೆ ಸೋಡಿಯಂ’ ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ಕೆಟ್ಟವರಿಗೆ ಅದು ಹೃದಯ ನಿಲ್ಲಿಸಬಲ್ಲದು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೂ ದಾಹ ಹೆಚ್ಚು.

ಕುಡಿಯುವ ಲೆಕ್ಕ ಹೀಗೆ: ಒಂದು ದಿನದ ಮೂತ್ರವನ್ನು ಅಳೆಯಿರಿ, ಅದಕ್ಕೆ ಅರ್ಧ ಲೀಟರ್ ಸೇರಿಸಿ. ಬಿಸಿಲಲ್ಲಿ ದುಡಿಯುವವರಿಗೆ ಸ್ವಲ್ಪ ಹೆಚ್ಚು ಬೇಕಾಗಬಹುದು, ಅದನ್ನು ನಿಮ್ಮ ವೈದ್ಯರು ಹೇಳಬೇಕು. ಬೆಳಿಗ್ಗೆ ಅಷ್ಟು ನೀರನ್ನು ಬಾಟಲಿಯಲ್ಲಿ ತುಂಬಿಡಿ. ಚಹಾ, ಮಜ್ಜಿಗೆ, ಸಾರು, ಅಂಬಲಿ ಏನು ಕುಡಿದರೂ ಅಷ್ಟನ್ನು ಬಾಟಲಿಯಿಂದ ಗಿಡಕ್ಕೆ ಸುರಿದುಬಿಡಿ. ಉಳಿದದ್ದೇ ಕುಡಿಯುವ ನೀರು.

ದಿನಾ ಬೆಳಿಗ್ಗೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. 50 ಕೆಜಿಯವರಿಗೆ ಎರಡು ಡಯಾಲಿಸಿಸ್ ನಡುವೆ 2 ಕೆಜಿ ಮೀರದಿರಲಿ. ಇನ್ನೊಂದು ಎಚ್ಚರ: ಊಟ ಸೇರದೆ ಮೈ ಇಳಿದವರಲ್ಲಿ ಮಾಂಸ ಕರಗಿ, ಆ ಜಾಗಕ್ಕೆ ನೀರು ಸೇರಿರುತ್ತದೆ, ತಕ್ಕಡಿ ಮಾತ್ರ ಹಳೆಯ ತೂಕವನ್ನೇ ತೋರಿಸುತ್ತದೆ. ಅಂಗಿ ಸಡಿಲವಾಗಿದ್ದು ಕಾಲಿನಲ್ಲಿ ಬಾವು ಇದ್ದರೆ ಒಣ ತೂಕವನ್ನು ಮತ್ತೆ ನಿಗದಿ ಮಾಡಲು ಕೇಳಿ. ರಾತ್ರಿ ಉಸಿರು ಕಟ್ಟಿದಂತಾಗಿ ಅಂಗಾತ ಮಲಗಲಾಗದೆ ಎದ್ದು ಕೂರುವಂತಾದರೆ ಮುಂದಿನ ಪಾಳಿಗೆ ಕಾಯದೆ ಆಗಲೇ ಆಸ್ಪತ್ರೆಗೆ ಬನ್ನಿ.