ಪರಿಚಯದ ಮೆಸೇಜಿನಲ್ಲಿ ಕೆಲಸದ ಬಿಡುವನ್ನು ಎರಡೇ ವಾಕ್ಯದಲ್ಲಿ ಹೇಳುವುದು

ಗೊತ್ತಿಲ್ಲದ ರಿಕ್ರೂಟರ್‌ಗೋ ಮ್ಯಾನೇಜರ್‌ಗೋ ಕೆಲಸದ ವಿಚಾರವಾಗಿ ಮೆಸೇಜ್ ಬರೆಯುವಾಗ, ನಡುವೆ ಕೆಲಸ ಬಿಟ್ಟಿದ್ದರ ಬಗ್ಗೆ ಎಷ್ಟು ಹೇಳಬೇಕು ಎಂಬಲ್ಲೇ ಹೆಚ್ಚಿನವರು ತಡವರಿಸುತ್ತಾರೆ. ಓದುವವರಿಗೆ ಬೇಕಾದದ್ದು ಎರಡು ಸಂಗತಿ: ಬಿಡುವಿನ ಕಾರಣ ಈಗ ಮುಗಿದಿದೆಯೇ, ಕೆಲಸದ ಕೈ ಇನ್ನೂ ಪಳಗಿದೆಯೇ. ಮೊದಲ ವಾಕ್ಯ ಮೊದಲನೆಯದಕ್ಕೆ, ಎರಡನೆಯದು ಎರಡನೆಯದಕ್ಕೆ.

ನಾಲ್ಕು ವರ್ಷ ಅನುಭವವಿರುವ ಸಾಫ್ಟ್‌ವೇರ್ ಟೆಸ್ಟರ್ ಒಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ:

"ಕ್ಷಮಿಸಿ, 2023ರಲ್ಲಿ ತಂದೆಗೆ ಪಾರ್ಶ್ವವಾಯು ಆಗಿದ್ದರಿಂದ ಕೆಲಸ ಬಿಡಬೇಕಾಯಿತು. ತುಂಬಾ ಕಷ್ಟದ ದಿನಗಳು. ಈಗ ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ."

ಕ್ಷಮೆ ಕೇಳಿದ ಕೂಡಲೇ ಬಿಡುವು ತಪ್ಪಿನಂತೆ ಕಾಣುತ್ತದೆ. ಕಾಯಿಲೆಯ ಹೆಸರು ಬಂದರೆ ಓದುವವರು ಸಮಾಧಾನ ಹೇಳಬೇಕಾಗುತ್ತದೆ. "ತಂದೆಯವರು ಹುಷಾರಾಗಲಿ" ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. "ಯಾವ ಕೆಲಸ ಕೊಟ್ಟರೂ" ಎಂದರೆ ಯಾವ ಹುದ್ದೆಗೆ ನೋಡಬೇಕೆಂದೇ ತಿಳಿಯುವುದಿಲ್ಲ. ಇಷ್ಟೆಲ್ಲ ಹೇಳಿಯೂ ಆರೈಕೆಯ ಹೊಣೆ ಮುಗಿಯಿತೋ ಇಲ್ಲವೋ ಎಂಬುದು ಬಂದೇ ಇಲ್ಲ.

ತಿದ್ದಿದರೆ:

"ಮನೆಯವರ ಆರೈಕೆಗಾಗಿ 2023ರಿಂದ 2025ರವರೆಗೆ ಬಿಡುವು ತೆಗೆದುಕೊಂಡಿದ್ದೆ, ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧ. ಇತ್ತೀಚೆಗೆ ಪ್ಲೇರೈಟ್ ಟೆಸ್ಟಿಂಗ್ ಟೂಲ್‌ನಲ್ಲಿ ಒಂದು ಡೆಮೊ ಸೈಟಿನ ಲಾಗಿನ್ ಮತ್ತು ಪೇಮೆಂಟ್ ಭಾಗಗಳಿಗೆ ಟೆಸ್ಟ್ ಬರೆದಿದ್ದೇನೆ, ಲಿಂಕ್ ಕೆಳಗಿದೆ."

ಕಾರಣಕ್ಕೆ ಎರಡು ಪದ ಸಾಕು. ಎರಡನೇ ವಾಕ್ಯದಲ್ಲಿ ಮಾತ್ರ ತೆರೆದು ನೋಡಬಹುದಾದ ಏನಾದರೂ ಇರಲೇಬೇಕು. "ಹೊಸ ಕೌಶಲ ಕಲಿಯುತ್ತಿದ್ದೆ" ಎಂದು ಎಲ್ಲರೂ ಬರೆಯುತ್ತಾರೆ, ಯಾರೂ ನಂಬುವುದಿಲ್ಲ. ತೋರಿಸಲು ಏನೂ ಇಲ್ಲದಿದ್ದರೆ ಆ ವಾಕ್ಯವನ್ನೇ ಬಿಟ್ಟು, ಬಿಡುವಿಗೆ ಮುಂಚಿನ ಒಂದು ಗಟ್ಟಿ ಕೆಲಸವನ್ನು ಹೆಸರಿಸುವುದು ಮೇಲು.

ಈ ಎರಡು ವಾಕ್ಯಗಳನ್ನು ಮೆಸೇಜಿನ ಆರಂಭದಲ್ಲಿ ಇಡಬೇಡಿ. ಫೋನಿನ ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಸಾಲಷ್ಟೇ. ಅಲ್ಲಿ ಹುದ್ದೆಯ ಹೆಸರು, ನಿಮ್ಮ ಅನುಭವ ಇರಲಿ. ಕೊನೆಯಲ್ಲೂ ಬೇಡ, ಅಲ್ಲಿ ನೀವು ಕೇಳುವ ಪ್ರಶ್ನೆ ಬರಬೇಕು. ಅನುಭವದ ಸಾಲು ಮುಗಿದ ಮೇಲೆ, ಪ್ರಶ್ನೆಗೆ ಮುಂಚೆ ಇವುಗಳ ಜಾಗ.

ಕಂಪನಿಯೇ ಕೆಲಸದಿಂದ ತೆಗೆದಿದ್ದರೆ "ಇಡೀ ತಂಡವನ್ನು ಮುಚ್ಚಿದಾಗ ನನ್ನ ಹುದ್ದೆಯೂ ಹೋಯಿತು" ಎಂದರೆ ಮುಗಿಯಿತು (ನಿಜವಾಗಿ ಹಾಗೆಯೇ ಆಗಿದ್ದರೆ ಮಾತ್ರ). ಹಳೆಯ ಮ್ಯಾನೇಜರ್ ಮೇಲಿನ ಸಿಟ್ಟು ಒಂದು ಪದದಲ್ಲಿ ಇಣುಕಿದರೂ ಓದುವವರು ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ.

ಎರಡು ಮೂರು ತಿಂಗಳ ಬಿಡುವಾದರೆ ಹೇಳುವುದೇ ಬೇಡ. ಕೆಲಸ ಕೇಳದೆ, ಆ ಕ್ಷೇತ್ರದ ಬಗ್ಗೆ ತಿಳಿಯಲು ಮಾತ್ರ ಬರೆಯುತ್ತಿದ್ದರೂ ಬೇಡ. ಹೇಳುವುದಾದರೆ ಇಸವಿಗಳು ರೆಸ್ಯೂಮೆಗೂ ಪ್ರೊಫೈಲಿಗೂ ತಾಳೆಯಾಗಬೇಕು. ಪ್ರೊಫೈಲಿನಲ್ಲಿ ಹಳೆಯ ಕೆಲಸದ ಮುಂದೆ "ಇಲ್ಲಿಯವರೆಗೆ" ಎಂದು ಉಳಿದುಬಿಟ್ಟಿದ್ದರೆ, ಕಳಿಸುವ ಮುಂಚೆಯೇ ಸರಿಪಡಿಸಿ.