ಗಣಿ ಮುಚ್ಚದೇ ಇದ್ದಿದ್ದರೆ?

ಕೋಲಾರದ ಕಡೆ ಮಕ್ಕಳ ಪ್ರಬಂಧ ಓದುವಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚದೇ ಇದ್ದಿದ್ದರೆ ಏನಾಗುತ್ತಿತ್ತು? ಪ್ರಶ್ನೆ ತುಂಬ ಒಳ್ಳೆಯದು. ಆದರೆ ಎರಡನೇ ಪುಟಕ್ಕೆ ಊರು ಸಿಂಗಪುರ ಆಗಿಬಿಟ್ಟಿರುತ್ತದೆ. ಜಾರಿದ್ದು ಎಲ್ಲಿ ಅಂತ ನೋಡಬೇಕು.

ಈ ಬಗೆಯ ಪ್ರಶ್ನೆ ಹಳೆಯದು. ಅಲೆಕ್ಸಾಂಡರ್ ರೋಮ್ ಮೇಲೆ ದಂಡೆತ್ತಿ ಬಂದಿದ್ದರೆ ಅಂತ ರೋಮಿನ ಇತಿಹಾಸಕಾರ ಲಿವಿ ಎರಡು ಸಾವಿರ ವರ್ಷಗಳ ಹಿಂದೆಯೇ ಕೇಳಿದ್ದ. ರೋಮೇ ಗೆಲ್ಲುತ್ತಿತ್ತು ಅನ್ನುವುದು ಅವನ ಉತ್ತರ. ಅಲ್ಲಿ ಊರಿನ ಅಭಿಮಾನವೇ ಜಾಸ್ತಿ. 1961ರಲ್ಲಿ ಇಂಗ್ಲೆಂಡಿನ ಇತಿಹಾಸಕಾರ ಇ.ಎಚ್. ಕಾರ್ ಇದನ್ನೆಲ್ಲ ಹೊತ್ತು ಕಳೆಯುವ ಆಟ ಎಂದು ತಳ್ಳಿಹಾಕಿದರು. ಮೂರೇ ವರ್ಷಕ್ಕೆ, 1964ರಲ್ಲಿ, ಅಮೆರಿಕದ ಆರ್ಥಿಕ ಇತಿಹಾಸಕಾರ ರಾಬರ್ಟ್ ಫೋಗೆಲ್ ಬೇರೆ ದಾರಿ ತೋರಿಸಿದರು. ರೈಲು ಇಲ್ಲದಿದ್ದರೆ 1890ರ ಅಮೆರಿಕ ಎಷ್ಟು ಕಳೆದುಕೊಳ್ಳುತ್ತಿತ್ತು? ಅವರು ರೈಲನ್ನು ಮಾತ್ರ ತೆಗೆದರು. ಕಾಲುವೆ, ದೋಣಿ, ಗಾಡಿಗಳನ್ನು ಹಾಗೇ ಉಳಿಸಿಕೊಂಡು ಸಾಗಣೆ ಖರ್ಚು ಲೆಕ್ಕ ಹಾಕಿದರು. ನಷ್ಟ ದೇಶದ ಆದಾಯದ ಕೆಲವೇ ಶೇಕಡಾ ಅಂತ ಬಂತು. ಎಷ್ಟೋ ಮಂದಿ ಒಪ್ಪಲಿಲ್ಲ. ಆದರೆ ಜಗಳ ಲೆಕ್ಕದ ಮೇಲೆ ನಡೆಯಿತು. ಅದೇ ದೊಡ್ಡ ವ್ಯತ್ಯಾಸ.

ಕೆಜಿಎಫ್‌ಗೂ ಹಾಗೇ ಮಾಡಿ ನೋಡೋಣ. ಒಂದನ್ನೇ ಬದಲಿಸೋಣ: ಗಣಿ ಇನ್ನೂ ಹತ್ತು ವರ್ಷ ನಡೆಯಿತು. ಕೊನೆಯ ವರ್ಷಗಳಲ್ಲಿ ಒಂದು ಟನ್ ಅದಿರಿಗೆ ಸಿಗುತ್ತಿದ್ದ ಚಿನ್ನ ಸುಮಾರು 3 ಗ್ರಾಂ. 2001ರಲ್ಲಿ ಒಂದು ಔನ್ಸ್, ಅಂದರೆ 31 ಗ್ರಾಂ ಚಿನ್ನಕ್ಕೆ ಸುಮಾರು 270 ಡಾಲರ್ ಇತ್ತು. ಟನ್ನಿಗೆ 26 ಡಾಲರ್ ಆಯಿತು. 2011ರಲ್ಲಿ ಔನ್ಸಿನ ಸರಾಸರಿ ಬೆಲೆ 1,570 ಡಾಲರ್ ಹತ್ತಿರ. ಅದೇ ಮೂರು ಗ್ರಾಮಿಗೆ 150 ಡಾಲರ್. ಇಷ್ಟು ದಾಖಲೆಯ ಮೇಲೆ ನಿಂತಿರುವ ಮಾತು.

ಇಲ್ಲಿಂದ ಮುಂದೆ ನೆಲ ಸಡಿಲ. ಬೆಲೆ ಹೀಗೆ ಏರುತ್ತದೆ ಎಂದು 2001ರಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ ಅಂತ ಅವರಿಗೂ ಗೊತ್ತಿತ್ತು ಎನ್ನುವಂತೆ ಬರೆದರೆ ಅದು ಕಲ್ಪನೆ. ಇನ್ನೊಂದು, ಬೆಲೆ ಏರಿಸಿ ಖರ್ಚನ್ನು ಮರೆಯುವುದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಷ್ಟು ಕೆಳಗೆ ಬಿಸಿ ತಾಳಲು ತಂಪು ಗಾಳಿ ಬೇಕು. ಒತ್ತಡಕ್ಕೆ ಬಂಡೆ ಸಿಡಿಯುತ್ತದೆ. ನೀರನ್ನು ಹಗಲೂ ರಾತ್ರಿ ಎತ್ತುತ್ತಲೇ ಇರಬೇಕು. ಚಿನ್ನದ ಜೊತೆ ಕೂಲಿ, ಕರೆಂಟು ಎಲ್ಲವೂ ಏರುತ್ತದೆ ಅಲ್ವಾ?

ನಾನು ಮಕ್ಕಳಿಗೆ ಪ್ರತಿ ವಾಕ್ಯದ ಪಕ್ಕ ಒಂದು ಪ್ರಶ್ನೆ ಬರೆದುಕೊಳ್ಳಲು ಹೇಳುತ್ತೇನೆ: ‘ಇದು ತಪ್ಪು ಅಂತ ತೋರಿಸಬಲ್ಲ ಕಾಗದ ಯಾವುದು?’ ‘ಗಣಿ ಇದ್ದಿದ್ದರೆ ಬೆಂಗಳೂರಿಗೆ ರೈಲು ಹತ್ತುವವರು ಕಡಿಮೆ ಇರುತ್ತಿದ್ದರು’ ಎನ್ನುವುದನ್ನು ಕೆಲಸ ಕಳೆದುಕೊಂಡವರ ಲೆಕ್ಕ ಹಿಡಿದು ಪರೀಕ್ಷಿಸಬಹುದು. ‘ಬಹುಶಃ’ ಹಾಕಿ ಬರೆಯಲಿ. ಸಿಂಗಪುರದ ವಾಕ್ಯಕ್ಕೆ ಅಂಥ ಕಾಗದವೇ ಇಲ್ಲ. ಅದನ್ನು ಹೊಡೆದುಹಾಕಿ, 2001ರಿಂದ ಬೆಲೆ ಏರುವವರೆಗೆ ಆ ಪಂಪುಗಳ ಬಿಲ್ಲನ್ನು ಯಾರು ಕಟ್ಟುತ್ತಿದ್ದರು ಎಂದು ಹುಡುಕಲಿ.